ಉತ್ತರ ಕೊಟ್ಟವರು ಯಾರು ಅಂತ ಮೊದಲು ನೋಡಿ

“ಆನ್‌ಲೈನ್‌ನಲ್ಲಿ ಕೊಂಡ ವಸ್ತು ಹೇಳಿದ ಹಾಗಿಲ್ಲ ಅಂತ ವಾಪಸ್ ಮಾಡೋಕೆ, ಅದರ ಪುಟದ ಪ್ರಶ್ನೋತ್ತರ ವಿಭಾಗದಲ್ಲಿ ‘ಹೌದು’ ಅಂತ ಬಂದಿದ್ದರೆ ಸಾಕು, ಅದೇ ಸಾಕ್ಷಿ.”

ಇಷ್ಟು ಸುಲಭ ಇಲ್ಲ ಸರ್. ಅಲ್ಲಿ ಉತ್ತರ ಬರೆಯೋರಲ್ಲಿ ಹಳೇ ಗ್ರಾಹಕರೂ ಇರುತ್ತಾರೆ. ಅವರ ಮಾತಿಗೆ ಮಾರಾಟಗಾರ ಹೊಣೆ ಅಲ್ಲ. ಹೆಸರಿನ ಪಕ್ಕ ಮಾರಾಟಗಾರ ಅಂತ ಗುರುತು ಇದ್ದರೂ ಇನ್ನೊಂದು ತೊಡಕಿದೆ: ಒಂದೇ ಪುಟದಲ್ಲಿ ನಾಲ್ಕಾರು ಮಾರಾಟಗಾರರು, ಹಲವು ಮಾದರಿಗಳು, ಆದರೆ ಪ್ರಶ್ನೋತ್ತರ ಮಾತ್ರ ಎಲ್ಲಕ್ಕೂ ಒಂದೇ.

ಒಂದು ಲ್ಯಾಪ್‌ಟಾಪ್ ತಗೊಳ್ಳಿ. “ಇದಕ್ಕೆ ಆಮೇಲೆ ರ‍್ಯಾಮ್ ಹಾಕಿಸಬಹುದಾ?” ಅಂತ ಪ್ರಶ್ನೆ. “ಹೌದು, ಒಂದು ಸ್ಲಾಟ್ ಖಾಲಿ ಇದೆ” ಅಂತ ಉತ್ತರ. ಮನೆಗೆ ಬಂದದ್ದನ್ನು ಬಿಚ್ಚಿದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಸ್ಲಾಟೇ ಇಲ್ಲ. ಈಗ ಮಾರಾಟಗಾರ “ನಾನು ಹೇಳಿದ್ದು ಇನ್ನೊಂದು ಮಾದರಿಗೆ” ಅಂದರೆ? ಪ್ರಶ್ನೆಯಲ್ಲೇ ಮಾದರಿ ಸಂಖ್ಯೆ ಇದ್ದಿದ್ದರೆ ಹಾಗನ್ನೋಕೆ ದಾರಿ ಇರುತ್ತಿರಲಿಲ್ಲ. ಉತ್ತರ ಕೊಟ್ಟವರ ಹೆಸರೂ ಬಿಲ್‌ನಲ್ಲಿರುವ ಹೆಸರೂ ಒಂದೇ ಆಗಿರಬೇಕು. ಉತ್ತರದ ತಾರೀಖು ಆರ್ಡರ್‌ಗಿಂತ ಮುಂಚಿನದಾಗಿರಬೇಕು. ಖರೀದಿಯಾದ ಮೇಲೆ ಬಂದ ಉತ್ತರ ನಂಬಿ ಕೊಂಡೆ ಅಂತ ಹೇಳೋಕಾಗಲ್ಲ, ಅಲ್ವಾ?

“ಆಗಬಹುದು”, “ಸಾಮಾನ್ಯವಾಗಿ ಬರುತ್ತೆ” ಅನ್ನೋ ಉತ್ತರಗಳನ್ನು ಹಿಡಿದು ಜಗಳಕ್ಕೆ ಹೋಗೋದು ಸುಮ್ನೆ. “ಸೂಪರ್ ಕ್ವಾಲಿಟಿ” ಅನ್ನೋದಂತೂ ಬರೀ ಹೊಗಳಿಕೆ.

ಇನ್ನು, ಆ ಉತ್ತರ ನಾಳೆ ಮಾಯವಾಗಬಹುದು. ಆರ್ಡರ್ ಮಾಡುವ ಮುಂಚೆಯೇ ಪ್ರಶ್ನೆ, ಉತ್ತರ, ಹೆಸರು, ತಾರೀಖು ಎಲ್ಲ ಒಟ್ಟಿಗೆ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಾಪಸ್ ಕಳಿಸುವಾಗ ಕಾರಣ “ಬೇಡ ಅನ್ನಿಸಿತು” ಅಂತ ಒತ್ತಬೇಡಿ, “ವಿವರಣೆಯಂತೆ ಇಲ್ಲ” ಅಂತ ಆರಿಸಿ. ಮೊದಲನೆಯದನ್ನು ಒತ್ತಿದರೆ ಕೈಲಿರುವ ಸ್ಕ್ರೀನ್‌ಶಾಟ್‌ಗೆ ಅರ್ಧ ಬೆಲೆಯೂ ಉಳಿಯಲ್ಲ.