ಬೆಳ್ಳಗಾದ ಟಿಕೆಟ್

ಹಳೆಯ ಪುಸ್ತಕವೊಂದನ್ನು ಕೊಡವಿದರೆ ಒಳಗಿಂದ ಒಂದು ಬಸ್ ಟಿಕೆಟ್ ಬಿತ್ತು. ಕಂಡಕ್ಟರ್ ಕಟ್ಟಿನಿಂದ ಹರಿದು, ಪಂಚ್ ಒತ್ತಿ ಕೊಡುತ್ತಿದ್ದ ಕಾಲದ್ದು. ಕಾಗದ ಅಂಚಿನಲ್ಲಿ ಕಂದಿದೆ, ಮೂಲೆ ಇಲಿ ತಿಂದಂತಿದೆ. ಆದರೂ ಅಚ್ಚಾದ ಒಂದೊಂದು ಅಕ್ಷರವೂ ಓದಲು ಬರುತ್ತದೆ. ಹೋದ ತಿಂಗಳು ಶಿವಮೊಗ್ಗಕ್ಕೆ ಹೋದ ಟಿಕೆಟ್ ಮಾತ್ರ ಬೆಳ್ಳಗೆ, ಈಗಷ್ಟೇ ಒಗೆದ ಪಂಚೆಯ ಹಾಗೆ.

ನಮ್ಮ ಆಫೀಸಿನ ಲೆಕ್ಕದವರ ಮುಂದೆ ಅದನ್ನು ಇಟ್ಟೆ. ಅವರು ಒಮ್ಮೆ ಟಿಕೆಟ್ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು.

"ಇದೇನ್ ಸಾರ್, ಖಾಲಿ ಕಾಗದಕ್ಕೆ ದುಡ್ಡು ಕೇಳ್ತಿದ್ದೀರಾ?"

ಪೂರ್ತಿ ಖಾಲಿಯೇನಲ್ಲ. ಟಿಕೆಟ್ಟಿನ ಮುಕ್ಕಾಲು ಭಾಗ ಐಡಿ ಕಾರ್ಡಿನ ಪ್ಲಾಸ್ಟಿಕ್ ಪೌಚಿನೊಳಗೆ ಇತ್ತು, ಮೇಲಿನ ಕಾಲು ಭಾಗ ಹೊರಗೆ ಇಣುಕುತ್ತಿತ್ತು. ಹೊರಗಿದ್ದ ಕಾಲು ಭಾಗದಲ್ಲಿ ಸಂಸ್ಥೆಯ ಹೆಸರು, ಡಿಪೋ ಎಲ್ಲ ಚೆನ್ನಾಗಿಯೇ ಇದ್ದವು. ಪೌಚಿನ ಅಂಚು ಬಂದಲ್ಲಿಗೆ ಅಡ್ಡಗೆರೆ ಎಳೆದ ಹಾಗೆ ಅಕ್ಷರ ನಿಂತುಹೋಗಿತ್ತು. ತಪ್ಪು ಯಾರದ್ದೆಂದು ಕಾಗದವೇ ಹೇಳುತ್ತಿತ್ತು. ಜೋಪಾನ ಮಾಡಲು ಹೋದ ನನ್ನದೇ.

ಮೆಷಿನ್ನಿನಿಂದ ಬರುವ ಟಿಕೆಟ್ಟಿನದು ಥರ್ಮಲ್ ಕಾಗದ, ಇದರಲ್ಲಿ ಶಾಯಿ ಇಲ್ಲ. ಮೇಲ್ಮೈಗೆ ಬಣ್ಣವಿಲ್ಲದ ಒಂದು ಡೈ, ಅದರ ಜೊತೆಗೆ ಹುಳಿ ಗುಣದ ಇನ್ನೊಂದು ಪುಡಿ, ಎರಡನ್ನೂ ಸೇರಿಸಿ ಬಳಿದಿರುತ್ತಾರೆ. ಮೆಷಿನ್ನಿನ ಬಿಸಿ ತಲೆ ತಾಗಿದಲ್ಲಿ ಎರಡೂ ಕರಗಿ ಬೆರೆಯುತ್ತವೆ, ಆಗ ಕಪ್ಪು ಬರುತ್ತದೆ. ಬೆರೆತದ್ದನ್ನು ಬಿಡಿಸಿದರೆ ಮತ್ತೆ ಬಿಳುಪು. ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಹಾಕುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಕಾಗದಕ್ಕೆ ಇಳಿದು ಈ ಬಿಡಿಸುವ ಕೆಲಸವನ್ನೇ ಮಾಡುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬಿಸಿಲು, ಸೆಲೋಟೇಪಿನ ಅಂಟು, ಎಲ್ಲವೂ ಅಕ್ಷರ ಮಾಸಿಸುವ ಪಂಗಡವೇ. ಹಾಗಾಗಿ ಹರಿದ ಬಿಲ್ಲನ್ನು ಅಕ್ಷರದ ಮೇಲೆ ಟೇಪ್ ಹಾಕಿ ಅಂಟಿಸಬೇಡಿ.

ಬಿಡಿಸಿದ ಮೇಲೂ ಹಲವು ಸಲ ಚೂರು ಬಣ್ಣ ಉಳಿದಿರುತ್ತದೆ. ಕಿಟಕಿ ಬಳಿ ಓರೆಯಾಗಿ ಹಿಡಿದಾಗ ನನ್ನ ಟಿಕೆಟ್ಟಿನಲ್ಲಿ ಕಂದು ಕಂದಾದ ನೆರಳು ಕಂಡಿತು. ಓದಲು ಸಾಲದು. ಆದರೆ ಅಲ್ಲೇನೋ ಇದೆ ಅನ್ನಲು ಸಾಕು.

ಮೊದಲು ಸ್ಕ್ಯಾನ್ ಮಾಡಿದೆ. ಬಣ್ಣದಲ್ಲೇ ಮಾಡಬೇಕು, ಕಪ್ಪು ಬಿಳುಪಿನಲ್ಲಿ ಅಲ್ಲ. 600 ಡಿಪಿಐ, ಅಂದರೆ ಇಂಚಿಗೆ 600 ಪಿಕ್ಸೆಲ್, ಇಟ್ಟೆ. ಈ ಮೆಷಿನ್ನುಗಳು ಸಾಮಾನ್ಯವಾಗಿ ಮಿಲಿಮೀಟರಿಗೆ 8 ಚುಕ್ಕೆ ಹೊಡೆಯುತ್ತವೆ. 600ಕ್ಕೆ ಇಟ್ಟರೆ ಒಂದೊಂದು ಚುಕ್ಕೆಗೆ ಸುಮಾರು ಮೂರು ಪಿಕ್ಸೆಲ್ ಸಿಗುತ್ತದೆ. 300ಕ್ಕೆ ಇಟ್ಟರೆ ಒಂದೂವರೆ. ಒಂದೂವರೆಯಲ್ಲಿ ಅಂಕಿಯ ಸಣ್ಣ ಕಿಂಡಿಗಳು ಮುಚ್ಚಿಹೋಗುತ್ತವೆ. ಕಡತವನ್ನು ಪಿಎನ್‌ಜಿ ಆಗಿ ಉಳಿಸಬೇಕು. ಜೆಪೆಗ್ ಆದರೆ ಕುಗ್ಗಿಸುವಾಗ ಅಕ್ಷರದ ಸುತ್ತ ತನ್ನದೇ ಕಲೆಗಳನ್ನು ಬಿಡುತ್ತದೆ, ಆಮೇಲೆ ಕಾಂಟ್ರಾಸ್ಟ್ ಎಳೆದಾಗ ಆ ಕಲೆಗಳೂ ಅಕ್ಷರದ ವೇಷ ಹಾಕಿ ಎದ್ದು ಬರುತ್ತವೆ.

ಆಮೇಲೆ ಚಿತ್ರ ತಿದ್ದುವ ತಂತ್ರಾಂಶ ಜಿಂಪ್ ತೆರೆದು `Colors`, `Components`, `Decompose` ಒತ್ತಿದೆ. ಚಿತ್ರ ಕೆಂಪು, ಹಸಿರು, ನೀಲಿ ಎಂದು ಮೂರು ಪದರವಾಗಿ ಬೇರೆಯಾಗುತ್ತದೆ. ಕೆಂಪು ಪದರದಲ್ಲಿ ಕಾಗದ ಶುದ್ಧ ಬಿಳಿ, ಅಕ್ಷರವೇ ಇಲ್ಲ. ಹಸಿರಲ್ಲಿ ಮಬ್ಬು. ನೀಲಿಯಲ್ಲಿ, ಅಬ್ಬಾ, ಸಾಲುಗಳು! ಹಳದಿ ಕಂದು ಬಣ್ಣ ನೀಲಿ ಬೆಳಕನ್ನು ನುಂಗುತ್ತದೆ, ಅದಕ್ಕೇ ಅಲ್ಲಿ ಕಪ್ಪಾಗಿ ಕಂಡಿತು. ಇದೇ ಕಾಯಂ ನಿಯಮ ಅಂದುಕೊಳ್ಳಬೇಡಿ. ಕಾಗದವೇ ಹಳದಿಯಾಗಿ ಅಕ್ಷರ ನೀಲಿಗಟ್ಟಿದ್ದರೆ ಕೆಂಪು ಪದರವೇ ಗೆಲ್ಲುತ್ತದೆ. ಸುಮ್ನೆ ಮೂರನ್ನೂ ನೋಡಿಬಿಡುವುದು.

ಗೆದ್ದ ಪದರವನ್ನು `Levels`ನಲ್ಲಿ ಎಳೆಯಬೇಕು. ಅಲ್ಲಿ ಒಂದು ಗುಡ್ಡದ ಚಿತ್ರ ಇರುತ್ತದೆ. ನನ್ನ ಗುಡ್ಡ ಬಲತುದಿಗೆ ಒತ್ತಿಕೊಂಡು ನಿಂತಿತ್ತು, ಅಂದರೆ ಎಲ್ಲವೂ ಬಿಳಿಗೆ ಹತ್ತಿರ. ಕಪ್ಪಿನ ತ್ರಿಕೋನವನ್ನು ಗುಡ್ಡದ ಬುಡದವರೆಗೆ ತಳ್ಳಿದೆ. ಅಕ್ಷರ ಗಟ್ಟಿಯಾಯಿತು. ಇನ್ನೂ ಸ್ವಲ್ಪ ತಳ್ಳಿದೆ. ಕಾಗದದ ನಾರು, ಬೆರಳಿನ ಗುರುತು, ಅಕ್ಷರ ಎಲ್ಲ ಒಂದೇ ಆಗಿ ಸಂತೆ ಶುರುವಾಯಿತು. ಒಂದು ಹೆಜ್ಜೆ ಹಿಂದೆ ಬಂದೆ.

ಈಗ ಓದುವ ಕೆಲಸ. ವಾಪಸ್ ಬಂದ ಟಿಕೆಟ್ ಬೇರೆ ದರದ್ದು, ಆದರೆ ಅದೇ ಬಗೆಯ ಮೆಷಿನ್ನಿನದು. ಪುಸ್ತಕದೊಳಗೆ ಇದ್ದುದರಿಂದ ಚೆನ್ನಾಗಿಯೇ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡೆ. ಇಂಥ ಮೆಷಿನ್ನುಗಳಲ್ಲಿ ಅಕ್ಷರ ಎಲ್ಲ ಒಂದೇ ಅಗಲ. ಚೌಕಳಿ ಹಾಳೆಯ ಮೇಲೆ ಬರೆದ ಹಾಗೆ ಒಂದರ ಕೆಳಗೊಂದು ಕೂರುತ್ತವೆ. ಹಾಗಾಗಿ ಎಷ್ಟನೇ ಸಾಲಿನ ಎಷ್ಟನೇ ಮನೆಯಲ್ಲಿ ತಾರೀಖು, ಎಲ್ಲಿ ದರ, ಎಲ್ಲಿ ಮೊತ್ತ ಅಂತ ಒಳ್ಳೆಯ ಟಿಕೆಟ್ಟಿನಲ್ಲಿ ಎಣಿಸಿಕೊಂಡರೆ, ಮಾಸಿದ್ದರಲ್ಲಿ ಎಲ್ಲಿ ಅಂಕಿ ಹುಡುಕಬೇಕು ಎಂದು ತಿಳಿಯುತ್ತದೆ.

ನಾವು ಇಬ್ಬರು ಹೋಗಿದ್ದೆವು. ತಲೆಗೆ 386 ಎಂದು ಓದಿದೆ. ಎರಡಕ್ಕೆ 772. ಮೊತ್ತದ ಮನೆಯಲ್ಲೂ ಮೊದಲು 7, ಕೊನೆಗೆ 2 ಇತ್ತು. ಸರಿಯಾಗಿ ಕೂತಿತು ಎಂದು ಎದ್ದೇಬಿಡುತ್ತಿದ್ದೆ. ಆದರೆ ನಡುವಿನ ಅಂಕಿಗೆ ಕೆಳಗೆ ಒಂದು ಸಣ್ಣ ಪಾದ ಇತ್ತು. ಏಳಕ್ಕೆಲ್ಲಿಯ ಪಾದ? ಒಳ್ಳೆಯ ಟಿಕೆಟ್ಟಿನಲ್ಲಿ ನೋಡಿದರೆ ಪಾದ ಇರುವುದು ಒಂದಕ್ಕೆ. ಅಂದರೆ ಮೊತ್ತ 712, ತಲೆಗೆ 356. ಮೇಲಿನ ಸಾಲಿಗೆ ವಾಪಸ್ ಹೋಗಿ `Levels` ಸ್ವಲ್ಪ ಸಡಿಲಿಸಿದೆ. 8ರ ಬಲಗಡೆ ಮೇಲಿನ ಗೋಡೆಯೂ ಎಡಗಡೆ ಕೆಳಗಿನ ಗೋಡೆಯೂ ಕರಗಿ 5 ಹೊರಬಂತು. ಆ ಗೋಡೆಗಳನ್ನು ಕಟ್ಟಿದ್ದು ನಾನು, ಜಾಸ್ತಿ ಎಳೆದು. 60 ರೂಪಾಯಿ ಜಾಸ್ತಿ ಬರುತ್ತದೆ ಎಂದಾಗ ಕಣ್ಣು ಬೇಗ ಒಪ್ಪಿಕೊಳ್ಳುತ್ತದೆ, ಅಲ್ವಾ?

ಹೇರ್ ಡ್ರೈಯರ್ ಹಿಡಿದರೆ ಅಕ್ಷರ ಬರುತ್ತದಂತೆ ಎಂದು ಪಕ್ಕದ ಮನೆಯವರು ಹೇಳಿದರು. ಬರುವುದುಂಟು. ಹಿಂಬದಿಯಿಂದ, ಗೇಣು ದೂರದಲ್ಲಿ, ಸಣ್ಣ ಬಿಸಿಯಲ್ಲಿ ಕೆಲವೇ ಸೆಕೆಂಡು ಹಿಡಿಯಬೇಕು. ಕೆಲವು ಸಲ ಮಾಸಿದ ಅಕ್ಷರವೇ ತುಸು ಗಾಢವಾಗುತ್ತದೆ. ಕೆಲವು ಸಲ ಖಾಲಿ ಜಾಗ ಬೂದಿಬಣ್ಣಕ್ಕೆ ತಿರುಗಿ ಅಕ್ಷರದ ಜಾಗ ಬಿಳಿಯಾಗಿ ಉಳಿಯುತ್ತದೆ, ಫೋಟೋದ ನೆಗೆಟಿವ್ ಇದ್ದ ಹಾಗೆ. ಆದರೆ ಇದು ಒಂದೇ ಸಲದ ಆಟ. ಬಿಸಿ ಹೆಚ್ಚಾದರೆ ಇಡೀ ಕಾಗದ ಕಪ್ಪು. ಮಿಕ್ಸಿಯ ಬಿಲ್ ಹಾಳಾಗಬಾರದೆಂದು ನಮ್ಮ ಭಾವ ಅದನ್ನು ಲ್ಯಾಮಿನೇಟ್ ಮಾಡಿಸಲು ಕೊಟ್ಟಿದ್ದರು. ಯಂತ್ರದ ಬಿಸಿಗೆ ಅದು ದೋಸೆ ಹಂಚಿನಷ್ಟು ಕಪ್ಪಾಗಿ ಹೊರಬಂತು. ಈಗಲೂ ಕಪಾಟಿನಲ್ಲಿದೆ, ಬಹಳ ಗಟ್ಟಿಮುಟ್ಟಾಗಿ. ಹಾಗಾಗಿ ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ ಮಾತ್ರ ಡ್ರೈಯರ್, ಅದೂ ಸ್ಕ್ಯಾನ್ ಉಳಿಸಿಕೊಂಡ ಮೇಲೆ. ನನಗೆ ಬೇಕಾಗಲಿಲ್ಲ.

ಮರುದಿನ ಒಳ್ಳೆಯ ಟಿಕೆಟ್ಟಿನ ಜೊತೆ ಮೂರು ಕಾಗದ ಒಯ್ದೆ. ಮಾಸಿದ ಟಿಕೆಟ್, ಮುಟ್ಟದೆ ಬಿಟ್ಟ ಸ್ಕ್ಯಾನಿನ ಪ್ರಿಂಟ್, ನೀಲಿ ಪದರದ ಪ್ರಿಂಟ್. ಲೆಕ್ಕದವರು ಕನ್ನಡಕ ಏರಿಸಿ ಮೂರನ್ನೂ ಜೋಡಿಸಿ ನೋಡಿದರು. ತಾರೀಖು ಹಾಜರಿ ಪುಸ್ತಕಕ್ಕೆ ತಾಳೆಯಾಯಿತು. 712 ಎಂದು ಬರೆದುಕೊಂಡು ಸಹಿ ಹಾಕಿದರು. ಆಮೇಲೆ ಡ್ರಾಯರ್ ಎಳೆದು, ಮಾಸಿದ ಟಿಕೆಟ್ಟನ್ನೂ ಒಳ್ಳೆಯ ಟಿಕೆಟ್ಟನ್ನೂ ಒಟ್ಟಿಗೆ ಒಂದು ಹೊಳೆಯುವ ಪ್ಲಾಸ್ಟಿಕ್ ಕವರಿಗೆ ತುರುಕಿದರು.

"ಇಲ್ಲಿದ್ರೆ ಸೇಫು ಸಾರ್."