ಬೋರ್ಡೋ ಮತ್ತು ದೊಡ್ಡ ಎಂ

ತೀರ್ಥಹಳ್ಳಿಯ ಬಳಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗನಿಗೆ ತೋಟದ ಕೆಲಸಗಳನ್ನು ವಿಡಿಯೊ ಮಾಡಿ ಹಾಕುವ ಹವ್ಯಾಸವಿದೆ. ಈ ಸಲ ಮಳೆ ಹಿಡಿಯುವ ಮುನ್ನ ಅವನು ಕೊಟ್ಟ ಶೀರ್ಷಿಕೆ ‘ಕೊಳೆರೋಗಕ್ಕೆ Bordeaux Mixture ಹೊಡೆಯುವುದು ಹೇಗೆ?’ ಎಂದಿತ್ತು. ಒಂದು ವಾರದ ಮೇಲೆ ಅದನ್ನು ‘Bordeaux mixture’ ಎಂದು ತಿದ್ದಿದ. ಬದಲಾದದ್ದು ಒಂದೇ ಅಕ್ಷರ. “ಮಾವ, ಚಿಕ್ಕ ಎಂ ಹಾಕಿದ ಮೇಲೆ ಜಾಸ್ತಿ ಜನ ಒತ್ತಿದಾರೆ” ಎಂದು ಫೋನು ಮಾಡಿದ.

ಇಂಗ್ಲಿಷಿನಲ್ಲಿ ಶೀರ್ಷಿಕೆಯ ಮುಖ್ಯ ಪದಗಳಿಗೆಲ್ಲ ದೊಡ್ಡಕ್ಷರ ತೊಡಿಸುವುದು ಟೈಟಲ್ ಕೇಸ್. ಮೊದಲ ಪದಕ್ಕೂ ಅಂಕಿತನಾಮಗಳಿಗೂ ಮಾತ್ರ ತೊಡಿಸುವುದು ಸೆಂಟೆನ್ಸ್ ಕೇಸ್. ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರಾದ್ದರಿಂದ ಅದರ ಬಿ ಎರಡರಲ್ಲಿಯೂ ದೊಡ್ಡದೇ. ಆದರೆ ಎಂ ಕೂಡ ದೊಡ್ಡದಾದರೆ ಊರಿನ ಹೆಸರು ಯಾವುದು, ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಹೇಳುವ ಸಾಮಾನ್ಯ ಪದ ಯಾವುದು ಎಂಬ ಸುಳಿವು ಅಳಿಸಿಹೋಗುತ್ತದೆ. ಅವನ ಶೀರ್ಷಿಕೆಯ ಮೊದಲ ಪದವೋ ಕೊಳೆರೋಗ. ಕನ್ನಡದ ‘ಕೊ’ಗೆ ದೊಡ್ಡದು ಚಿಕ್ಕದೆಂಬ ಭೇದವೇ ಇಲ್ಲವಾದ್ದರಿಂದ ಮೊದಲ ಪದದ ಮರ್ಯಾದೆ ಕಣ್ಣಿಗೆ ಕಾಣದೆ ಅಲ್ಲಿಗೇ ಮುಗಿದುಹೋಯಿತು, ನಡುವೆ ಬರುವ ಇಂಗ್ಲಿಷ್ ಪದ ಅದನ್ನು ಕೇಳುವಂತಿಲ್ಲ. ಗುಂಡಗಿನ ಅಕ್ಷರಗಳ ಸಾಲಿನಲ್ಲಿ ಎರಡು ದೊಡ್ಡಕ್ಷರಗಳು ಬೇಲಿಯ ಗೂಟದಂತೆ ಎದ್ದು ನಿಂತು, ಶೀರ್ಷಿಕೆಯ ಜೀವವಾದ ಕೊಳೆರೋಗವನ್ನು ಹಿಂದಕ್ಕೆ ತಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುವವರಿಗೆ ಮಾತ್ರ ಈ ಭೇದ ಅರ್ಥವನ್ನೇ ಬದಲಿಸುತ್ತದೆ. ಬರಹ ತಂತ್ರಾಂಶದಲ್ಲಿ maLe ಎಂದು ಕುಟ್ಟಿದರೆ ಮಳೆ, male ಎಂದರೆ ಮಲೆ. ನಮ್ಮ ಸೀಮೆಯಲ್ಲಿ ಎರಡೂ ಒಟ್ಟಿಗೇ ಇರುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ.

ಇನ್ನು ಅವನ ಲೆಕ್ಕ. ದೊಡ್ಡ ಎಂ ಇದ್ದಾಗ ಶೀರ್ಷಿಕೆ 400 ಸಲ ಕಾಣಿಸಿಕೊಂಡು 20 ಜನ ಒತ್ತಿದ್ದರು. ಚಿಕ್ಕ ಎಂ ಬಂದ ವಾರ ಅಷ್ಟೇ ಸಲ ಕಾಣಿಸಿಕೊಂಡು 24 ಜನ. ಇಷ್ಟು ಅಂತರ ಏನನ್ನೂ ಬದಲಿಸದಿದ್ದರೂ ತಾನಾಗಿ ಬರುತ್ತದೆ. ನೂರಕ್ಕೆ ಐದಿದ್ದದ್ದು ಆರಾಗಿದೆಯೇ ಎಂದು ಪರೀಕ್ಷಿಸಲು ಒಂದೊಂದು ರೂಪವನ್ನೂ ಸುಮಾರು 8,000 ಸಲ ತೋರಿಸಬೇಕು. ಅದೂ ಒಂದೇ ದಿನಗಳಲ್ಲಿ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಹಂಚಿ. ಅವನಾದರೋ ಒಂದರ ಹಿಂದೆ ಒಂದನ್ನು ಹಾಕಿದ್ದ.

“ಎರಡನೆಯ ವಾರ ಮಳೆ ಹೇಗಿತ್ತೋ?” ಎಂದು ಕೇಳಿದೆ.

“ಹಿಡಿದುಕೊಂಡಿತ್ತು ಮಾವ. ಎಲ್ಲರೂ ಔಷಧಿ ಹೊಡೆಯೋರನ್ನೇ ಹುಡುಕ್ತಾ ಇದ್ರು.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಮರುದಿನ ನೋಡಿದರೆ ಶೀರ್ಷಿಕೆ ‘ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಹೇಗೆ?’ ಎಂದಾಗಿತ್ತು.