ಬರುವ ವರ್ಷ ಏನು ಕಲಿಯಬೇಕು? ಒಂದು ಕಾಫಿ ತೋಟದ ಲೆಕ್ಕ

ಏನು ಕಲಿಯಬೇಕು ಅಂತ ಕೂತು ಪಟ್ಟಿ ಮಾಡುವವರು ಸಾಮಾನ್ಯವಾಗಿ ಏನು ಕಲಿಯುವುದಿಲ್ಲ ಅನ್ನುವುದನ್ನು ಬರೆಯುವುದೇ ಇಲ್ಲ. ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ವರ್ಷ ಮುಗಿಯುತ್ತದೆ. ಕಾಫಿ ತೋಟದಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಇಲ್ಲಿ ಕೆಲವು ಕೆಲಸಗಳನ್ನು ಅಭ್ಯಾಸ ಮಾಡುವ ಅವಕಾಶ ಬರುವುದೇ ವರ್ಷಕ್ಕೊಂದು ಸಲ. ಈ ಸೀಸನ್ ತಪ್ಪಿದರೆ ಮುಂದಿನ ಸೀಸನ್ನಿಗೆ ಕಾಯಬೇಕು.

ಒಂದು ವಿಷಯದಲ್ಲಿ ಆಳ, ಸುತ್ತಲಿನ ವಿಷಯಗಳಲ್ಲಿ ಅಗಲ ಅನ್ನುವ ಮಾತನ್ನು ನೀವು ಕೇಳಿರಬಹುದು. ಇಂಗ್ಲಿಷಿನ ಟಿ ಅಕ್ಷರದ ಥರ. ಕೆಳಗಿಳಿದ ಗೆರೆ ಆಳ, ಮೇಲಿನ ಅಡ್ಡ ಗೆರೆ ಅಗಲ. ಡೇವಿಡ್ ಗೆಸ್ಟ್ ಎಂಬ ಲೇಖಕ 1991ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಕಂಪ್ಯೂಟರ್ ಕೆಲಸದವರ ಬಗ್ಗೆ ಬರೆಯುವಾಗ ಇದನ್ನು ಬಳಸಿದ್ದರು. ಆಮೇಲೆ ಐಡಿಯೋ ಎಂಬ ಡಿಸೈನ್ ಸಂಸ್ಥೆಯ ಟಿಮ್ ಬ್ರೌನ್ ಇದನ್ನು ಹೆಚ್ಚು ಪ್ರಚಾರಕ್ಕೆ ತಂದರು. ಆಫೀಸಿನವರಿಗಾಗಿ ಹುಟ್ಟಿದ ಮಾತು. ಆದರೆ ನಮ್ಮ ಚಿಕ್ಕಮಗಳೂರು ಕಡೆಯ ಸಣ್ಣ ಬೆಳೆಗಾರರಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ ಅನ್ನುವುದು ನನ್ನ ನಂಬಿಕೆ. ಹೇಗೆ ಅಂತ ನಮ್ಮ ಮನೆಯದೇ ಉದಾಹರಣೆಯಿಂದ ಹೇಳುತ್ತೇನೆ.

ನಮ್ಮ ಚಿಕ್ಕಪ್ಪನ ಮಗಳು ಈಗ ಊರಿಗೆ ಬಂದು ತೋಟ ನೋಡಿಕೊಳ್ಳಲು ಶುರು ಮಾಡಿದ್ದಾಳೆ. ಆಲ್ದೂರು ಹತ್ತಿರ ಅವರದು ಸಣ್ಣ ತೋಟ. ಹೆಚ್ಚಿನದು ಅರೇಬಿಕಾ, ತಗ್ಗಿನಲ್ಲಿ ಸ್ವಲ್ಪ ರೊಬಸ್ಟಾ, ಮರಗಳಿಗೆ ಮೆಣಸು. ಅವಳು ಒಂದು ಪಟ್ಟಿ ತಂದಳು. ಕಾಫಿಯ ರುಚಿ, ವಾಸನೆ ನೋಡಿ ಗುಣ ಅಳೆಯುವ ಕಪ್ಪಿಂಗ್, ಕಾಫಿ ಹುರಿಯುವುದು, ಸ್ವಂತ ಬ್ರ್ಯಾಂಡ್, ಮಣ್ಣು ಪರೀಕ್ಷೆ, ಕಾಂಡಕೊರಕ, ಜೇನು, ಡ್ರೋನ್, ರಫ್ತು, ಜಿಎಸ್‌ಟಿ. "ಅಣ್ಣ, ಇದರಲ್ಲಿ ಯಾವುದು ಮೊದಲು?" ಅಂದಳು.

ನಾನು ಕೇಳಿದ್ದು ಇಷ್ಟು. ಈ ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲದ, ಆದರೆ ದುಡ್ಡು ಸೋರಿಹೋಗುತ್ತಿರುವ ಜಾಗ ಯಾವುದು? ಗಿಡ, ನೆರಳು, ಔಷಧಿ ಚಿಕ್ಕಪ್ಪನಿಗೆ ಚೆನ್ನಾಗಿ ಗೊತ್ತು. ಹಣ್ಣು ಕೊಯ್ದ ಮೇಲೆ ಏನಾಗಬೇಕು ಅನ್ನುವುದು ಮಾತ್ರ ಆ ಮನೆಯಲ್ಲಿ ಯಾವತ್ತೂ ಯಾರೂ ಯೋಚಿಸಿದ ವಿಷಯವಲ್ಲ. ಅರೇಬಿಕಾ ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿ ಕೊಡುತ್ತಿದ್ದರು. ಆದ್ದರಿಂದ ಆಳಕ್ಕೆ ಆರಿಸಿದ್ದು ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ತೆಗೆಯುವ ಕೆಲಸ. ಹಣ್ಣಿನಿಂದ ಮೂಟೆಯವರೆಗೆ.

ಇನ್ನೊಂದು ಕಾರಣವೂ ಇದೆ. ಆಳವಾಗಿ ಕಲಿಯಬೇಕಾದರೆ ಮಾಡಿದ ಕೆಲಸದ ಫಲಿತಾಂಶ ಬೇಗ ಕಣ್ಣಿಗೆ ಕಾಣಬೇಕು. ಗಿಡ ನೆಟ್ಟು ತಳಿ ಚೆನ್ನಾಗಿದೆಯಾ ಅಂತ ನೋಡಲು ವರ್ಷಗಳೇ ಬೇಕು. ಪಲ್ಪಿಂಗ್‌ನಲ್ಲಿ ಹಾಗಲ್ಲ. ಕೊಯ್ಲಿನ ಪ್ರತಿ ದಿನವೂ ಒಂದು ಹೊಸ ಪಾಠ. ಇವತ್ತು ತೊಟ್ಟಿಗೆ ಹಾಕಿದ್ದು ನಾಳೆಯೋ ನಾಡಿದ್ದೋ ಉತ್ತರ ಹೇಳುತ್ತದೆ.

ಈ ಕೆಲಸದಲ್ಲಿ ಆಳ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಬೇಕು. ಅದಕ್ಕೂ ಮೊದಲು ನೀರಿಗೆ ಹಾಕಿ ತೇಲುವ ಜೊಳ್ಳನ್ನು ತೆಗೆಯಬೇಕು. ಪಲ್ಪರ್ ತೀರಾ ಬಿಗಿಯಾದರೆ ಬೀಜಕ್ಕೆ ಗಾಯವಾಗುತ್ತದೆ, ಸಡಿಲವಾದರೆ ಸಿಪ್ಪೆ ಬೀಜದ ಜೊತೆಗೇ ಬರುತ್ತದೆ. ಸಿಪ್ಪೆ ಹೋದ ಮೇಲೂ ಬೀಜದ ಸುತ್ತ ಲೋಳೆ ಇರುತ್ತದೆ. ಅದನ್ನು ಬಿಡಿಸಲು ತೊಟ್ಟಿಯಲ್ಲಿ ಹುಳಿಯಲು ಬಿಡುತ್ತೇವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ ಹೇಳುತ್ತಾರೆ. ಆದರೆ ಡಿಸೆಂಬರ್ ಚಳಿಯಲ್ಲಿ ನಿಧಾನ, ಬಿಸಿಲು ಜೋರಾದರೆ ಬೇಗ. ಹಾಗಾಗಿ ಗಡಿಯಾರ ಸಾಲದು, ಕೈ ಬೇಕು. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಹಿಚುಕಿದರೆ ಜಾರಬಾರದು, ಸಣ್ಣ ಕಲ್ಲು ಉಜ್ಜಿದಂತೆ ಒರಟಾಗಿ ಸಿಗಬೇಕು. ಬೇಗ ತೆಗೆದರೆ ಲೋಳೆ ಉಳಿದು ಒಣಗುವಾಗ ಬೂಷ್ಟು ಹಿಡಿಯುವ ಭಯ. ತಡವಾದರೆ ಹುಳಿ ಬೀಜದ ಒಳಗೇ ಇಳಿಯುತ್ತದೆ. ಆ ವಾಸನೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಇದರಲ್ಲಿ ಜಾಸ್ತಿ ಜನ ಗಮನ ಕೊಡದ ಒಂದು ಸಣ್ಣ ಸಂಗತಿ ಇದೆ. ಪಲ್ಪರ್‌ನ ಮೂಲೆಯಲ್ಲೋ ತೊಟ್ಟಿಯ ಸಂದಿನಲ್ಲೋ ನಿನ್ನೆಯ ನಾಲ್ಕು ಬೀಜ ಉಳಿದಿರುತ್ತವೆ. ಅವು ಕೊಳೆತು ಇವತ್ತಿನ ಮಾಲಿಗೆ ಸೇರುತ್ತವೆ. ಅಂಥ ಒಂದೇ ಬೀಜ ಒಂದು ಲೋಟ ಕಾಫಿಯನ್ನು ಗಬ್ಬೆಬ್ಬಿಸುತ್ತದೆ. ಪ್ರತಿ ಸಂಜೆ ಮಿಷನ್ನನ್ನೂ ತೊಟ್ಟಿಯನ್ನೂ ತಿಕ್ಕಿ ತೊಳೆಯುವುದು ಕಲಿಕೆಯ ಭಾಗವೇ.

ಈಗ ಅಗಲದ ಮಾತು. ಅಗಲ ಅಂದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಅಂತಲ್ಲ. ಆಳದ ಕೆಲಸವನ್ನು ನೇರವಾಗಿ ಮುಟ್ಟುವ ವಿಷಯಗಳು ಮಾತ್ರ. ಪ್ರತಿಯೊಂದಕ್ಕೂ ಎಲ್ಲಿ ನಿಲ್ಲಿಸಬೇಕು ಅನ್ನುವ ಗೆರೆ ಮೊದಲೇ ಬರೆದಿಡಬೇಕು. ನಾವು ಮೂರು ಬರೆದೆವು.

ಮೊದಲನೆಯದು ಕಪ್ಪಿಂಗ್. ಅವಳು ಕಾಫಿಗೆ ಅಂಕ ಕೊಡುವ ಪರಿಣತೆ ಆಗಬೇಕಿಲ್ಲ, ಕೋರ್ಸಿನ ಸರ್ಟಿಫಿಕೇಟೂ ಈ ವರ್ಷ ಬೇಡ. ತನ್ನ ಕಾಫಿಯಲ್ಲಿ ಅತಿಯಾದ ಹುಳಿ, ಬೂಷ್ಟು, ಕೊಳೆತ ವಾಸನೆ ಗುರುತಿಸಿದರೆ ಸಾಕು. 150 ಮಿಲಿ ನೀರಿಗೆ 8.25 ಗ್ರಾಂ ಪುಡಿ, ನೀರು ಸುಮಾರು 93 ಡಿಗ್ರಿ, 4 ನಿಮಿಷದ ಮೇಲೆ ಮೇಲೆ ಕಟ್ಟಿದ ಪುಡಿಯ ಪದರ ಒಡೆದು ಮೂಸುವುದು. ಒಂದೇ ಮಾಲಿನ ಐದು ಬಟ್ಟಲು ಇಡಬೇಕು. ನಾಲ್ಕು ಚೆನ್ನಾಗಿದ್ದು ಒಂದು ಕೆಟ್ಟಿದ್ದರೆ ಎಲ್ಲೋ ಬೆರಳೆಣಿಕೆಯ ಕೊಳೆತ ಬೀಜ ಸೇರಿವೆ ಅಂತ ಅರ್ಥ, ಅಂದರೆ ತೊಳೆಯುವ ಕೆಲಸ ಸರಿಯಾಗಿಲ್ಲ. ಐದೂ ಹುಳಿಯಾಗಿದ್ದರೆ ತೊಟ್ಟಿಯಲ್ಲಿ ಬಿಟ್ಟ ಸಮಯವನ್ನು ಅನುಮಾನಿಸಬೇಕು. ನೋಡಿ, ನಾಲಿಗೆಯ ಕಲಿಕೆ ತಿರುಗಿ ತೊಟ್ಟಿಗೇ ಬಂತು. ಅಗಲ ಹೀಗೆ ಆಳಕ್ಕೆ ದಾರಿ ತೋರಿಸಬೇಕು.

ಎರಡನೆಯದು ತೂಕದ ಲೆಕ್ಕ. ಪಾರ್ಚ್‌ಮೆಂಟನ್ನು 10% ತೇವಾಂಶದವರೆಗೆ ಒಣಗಿಸಬೇಕು. ಹಾಗೆ ಒಣಗಿದ 50 ಕೆಜಿ ಮೂಟೆಯಲ್ಲಿ 5 ಕೆಜಿ ನೀರು, 45 ಕೆಜಿ ಮಾಲು. ಅದೇ ಮಾಲನ್ನು ಮರೆತು 8%ಗೆ ಇಳಿಸಿದರೆ ತೂಕ 48.9 ಕೆಜಿ. ಒಂದು ಮೂಟೆಗೆ 1.1 ಕೆಜಿ ಗಾಳಿಗೆ ಹೋಯಿತು. ನೂರು ಮೂಟೆಗೆ ಎರಡು ಮೂಟೆಗಿಂತ ಜಾಸ್ತಿ. ಹಾಗಂತ 12%ಗೇ ನಿಲ್ಲಿಸಿದರೆ ಗೋದಾಮಿನಲ್ಲಿ ಬಣ್ಣ ಕೆಡಬಹುದು, ಬೂಷ್ಟು ಬರಬಹುದು, ಕೊಳ್ಳುವವರು ಕಡಿತ ಮಾಡಬಹುದು. ತೇವಾಂಶ ಅಳೆಯುವ ಮೀಟರ್ ಇಲ್ಲದವರು ಒಂದೇ ಅಳತೆಯ ಡಬ್ಬಿಯಲ್ಲಿ ದಿನವೂ ತುಂಬಿ ತೂಗಿ ನೋಡಬಹುದು. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ. ಜಿಎಸ್‌ಟಿ, ರಫ್ತು ಇವೆಲ್ಲ ಈ ಗೆರೆಯ ಆಚೆಗೆ. ಅದಕ್ಕೆ ಆಡಿಟರ್ ಇದ್ದಾರೆ.

ಮೂರನೆಯದು ಪಲ್ಪರ್ ನೀರು. ಇದು ಅವಳ ಪಟ್ಟಿಯಲ್ಲೇ ಇರಲಿಲ್ಲ. ಚೆರ್ರಿ ಮಾಡುವ ಮನೆಗೆ ಈ ಸಮಸ್ಯೆ ಇಲ್ಲ, ಪಾರ್ಚ್‌ಮೆಂಟ್ ಮಾಡುವ ಮನೆಗೆ ಮೊದಲ ದಿನವೇ ಬರುತ್ತದೆ. ಆ ನೀರು ಹುಳಿ. ಹಳ್ಳಕ್ಕೆ ಬಿಟ್ಟರೆ ನೀರಿನಲ್ಲಿರುವ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ, ಕೆಳಗಿನ ಮನೆಯವರ ನೀರೂ ಹಾಳು. ಹೊಂಡ ಎಲ್ಲಿ ತೆಗೆಯಬೇಕು, ಸುಣ್ಣ ಯಾಕೆ ಹಾಕಬೇಕು, ಅದೇ ನೀರನ್ನು ಪಲ್ಪಿಂಗ್‌ಗೆ ಹೇಗೆ ಮತ್ತೆ ಬಳಸಿ ಒಟ್ಟು ನೀರು ಕಡಿಮೆ ಮಾಡಬಹುದು, ಇಷ್ಟು ತಿಳಿದಿರಲೇಬೇಕು. ಒಂದು ಕೆಲಸದ ಆಳಕ್ಕೆ ಇಳಿದಾಗ ಅದೇ ನಮಗೆ ಯಾವ ಅಗಲ ಬೇಕು ಅಂತ ಹೇಳುತ್ತದೆ. ಮನೆಯಲ್ಲಿ ಕೂತು ಬರೆದ ಪಟ್ಟಿಗೆ ಅದು ಗೊತ್ತಿರುವುದಿಲ್ಲ.

ಹುರಿಯುವುದು ಮತ್ತು ಬ್ರ್ಯಾಂಡ್ ಬಗ್ಗೆ ನಮ್ಮಿಬ್ಬರಿಗೂ ಜೋರು ಚರ್ಚೆಯೇ ಆಯಿತು. "ಎಲ್ಲರೂ ಅದನ್ನೇ ಮಾಡುತ್ತಿದ್ದಾರಲ್ಲ ಅಣ್ಣ, ಅಲ್ಲೇ ಅಲ್ವಾ ದುಡ್ಡಿರೋದು?" ಅಂದಳು. ಇರಬಹುದು. ಆದರೆ ಹುರಿಯುವುದು ಅಡ್ಡ ಗೆರೆಗೆ ಸೇರುವ ವಿಷಯವಲ್ಲ, ಅದೇ ಇನ್ನೊಂದು ಆಳ. ಮಿಷನ್ ಬೇರೆ, ಗಿರಾಕಿ ಬೇರೆ, ತಪ್ಪುಗಳೂ ಬೇರೆ. ಎರಡು ಆಳವನ್ನು ಒಂದೇ ವರ್ಷಕ್ಕೆ ಹಾಕಿಕೊಂಡರೆ ಕೊಯ್ಲಿನ ಸಮಯದಲ್ಲಿ ಎರಡೂ ಕೈ ಬಿಡುತ್ತವೆ. ಜೇನು, ಡ್ರೋನ್ ಕೂಡ ಹೊಡೆದುಹಾಕಿದೆವು.

ಆಮೇಲೆ ತಿಂಗಳುಗಳನ್ನು ಎದುರಿಗಿಟ್ಟುಕೊಂಡೆವು. ನನ್ನ ಪ್ರಕಾರ ಮುಖ್ಯವಾದದ್ದು ಇಲ್ಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ತೊಟ್ಟಿ ಖಾಲಿ. ಆಳದ ಕೆಲಸ ಕೈಯಿಂದ ಮಾಡಲು ಆಗುವುದಿಲ್ಲ. ಅಗಲಕ್ಕೆ ಇದೇ ಸಮಯ. ಪಕ್ಕದ ತೋಟಗಳಿಂದ ಸ್ಯಾಂಪಲ್ ತಂದು ಕಪ್ಪಿಂಗ್, ತೂಕದ ಲೆಕ್ಕ, ಹೊಂಡದ ಜಾಗ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ನಮ್ಮ ಜಿಲ್ಲೆಯಲ್ಲೇ. ಪ್ರಶ್ನೆ ಬರೆದುಕೊಂಡು ಹೋಗಿ ಕೇಳಬಹುದು. ಅಕ್ಟೋಬರ್ ಕೊನೆಗೆ ಅಲ್ಲೊಂದು ಇಲ್ಲೊಂದು ಹಣ್ಣಾದದ್ದನ್ನು ಮೊದಲು ಕೊಯ್ಯುವ ಫ್ಲೈ ಪಿಕಿಂಗ್ ಬರುತ್ತದೆ. ಅದು ಕಡಿಮೆ ಮಾಲು, ಕೆಟ್ಟರೂ ದೊಡ್ಡ ನಷ್ಟವಿಲ್ಲ. ಪಲ್ಪರ್ ಹದ ಮಾಡಲು ಅದೇ ಸರಿ. ನವೆಂಬರ್‌ನಿಂದ ಜನವರಿವರೆಗೆ ಬೇರೆ ಯಾವ ಕಲಿಕೆಯೂ ಬೇಡ, ಪೂರ್ತಿ ತೊಟ್ಟಿ ಮತ್ತು ಕಣ.

ಆ ತಿಂಗಳುಗಳಿಗೆ ಒಂದು ನೋಟ್‌ಬುಕ್. ಹಣ್ಣು ಎಷ್ಟು, ಪಲ್ಪ್ ಆದ ಹೊತ್ತು, ರಾತ್ರಿ ಚಳಿ ಎಷ್ಟು, ತೊಳೆದ ಹೊತ್ತು, ಒಣಗಲು ಹಿಡಿದ ದಿನ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಒಂದೇ ದಿನದ ಹಣ್ಣನ್ನು ಎರಡು ಭಾಗ ಮಾಡಿ, ಒಂದನ್ನು ಹದ ಬಂದ ಕೂಡಲೇ ತೊಳೆದು, ಇನ್ನೊಂದನ್ನು ಆರು ಗಂಟೆ ಬಿಟ್ಟು ತೊಳೆದು, ಬೇರೆ ಬೇರೆ ಒಣಗಿಸಿ ಗುರುತು ಹಾಕಿಡಬೇಕು. ಸೀಸನ್ ಮುಗಿದ ಮೇಲೆ ಎರಡನ್ನೂ ಬಟ್ಟಲಿಗೆ ಹಾಕಿದರೆ ಆರು ಗಂಟೆಯ ಬೆಲೆ ನಾಲಿಗೆಗೇ ಗೊತ್ತಾಗುತ್ತದೆ.

ಆಳ ಬರುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಸೇರಿಸಿದೆವು. ಸಂಜೆ ತೊಟ್ಟಿ ತುಂಬಿದ ಕೂಡಲೇ, ಇದು ಎಷ್ಟು ಹೊತ್ತಿಗೆ ಹದಕ್ಕೆ ಬರುತ್ತದೆ ಅಂತ ಊಹಿಸಿ ಬರೆಯಬೇಕು. ಪಕ್ಕದಲ್ಲಿ ನಿಜವಾಗಿ ಬಂದ ಹೊತ್ತು. ನವೆಂಬರ್‌ನಲ್ಲಿ ಎಷ್ಟೋ ಗಂಟೆ ಆಚೀಚೆ ಆಗುತ್ತದೆ, ಆಗಲಿ. ಜನವರಿಗೆ ಆ ಅಂತರ ಕಡಿಮೆಯಾಗಿರಬೇಕು. ಆಗದಿದ್ದರೆ ಅವಳು ಕೆಲಸ ಮಾಡಿದ್ದಾಳೆ, ಕಲಿತಿಲ್ಲ.

ಇದೇ ಆಯ್ಕೆ ಎಲ್ಲ ತೋಟಕ್ಕೂ ಸರಿ ಅಂತ ನಾನು ಹೇಳುತ್ತಿಲ್ಲ. ಬಿಳಿ ಕಾಂಡಕೊರಕ ಸಾಲು ಸಾಲಾಗಿ ಅರೇಬಿಕಾ ಗಿಡ ಒಣಗಿಸುತ್ತಿದ್ದರೆ ಪಲ್ಪಿಂಗ್ ಕಲಿತು ಏನು ಮಾಡುತ್ತೀರಿ? ಅಂಥವರಿಗೆ ಆಳ ಅದೇ ಆಗಬೇಕು. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಆ ಹುಳ ದುಂಬಿಯಾಗಿ ಹಾರುವ ಕಾಲ, ಅವರ ವರ್ಷ ಆ ತಿಂಗಳುಗಳ ಸುತ್ತ ಕಟ್ಟಬೇಕು. ಕೆಲಸಕ್ಕೆ ಆಳು ಸಿಗದ, ನೀರಿಲ್ಲದ ತೋಟದವರು ಚೆರ್ರಿಯನ್ನೇ ಚೆನ್ನಾಗಿ ಒಣಗಿಸುವುದನ್ನು ಆಳಕ್ಕೆ ಇಟ್ಟುಕೊಳ್ಳಬಹುದು.

ನಮ್ಮ ಮನೆಯಲ್ಲಿ ತಗ್ಗಿನ ರೊಬಸ್ಟಾ ಬಗ್ಗೆ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದನ್ನೂ ಪಾರ್ಚ್‌ಮೆಂಟ್ ಮಾಡೋಣ ಅಂತ ಅವಳಿಗೆ ಆಸೆ. ರೊಬಸ್ಟಾದ ಲೋಳೆ ಬಿಡಲು ಇನ್ನೂ ಜಾಸ್ತಿ ಹೊತ್ತು ಬೇಕು, ಇರುವುದು ಒಂದೇ ತೊಟ್ಟಿ. ಈ ವರ್ಷ ಅದು ಚೆರ್ರಿಯಾಗಿಯೇ ಹೋಗಲಿ ಅನ್ನುವುದು ನನ್ನ ಮಾತು. ಫ್ಲೈ ಪಿಕಿಂಗ್ ಮುಗಿದ ಮೇಲೆ, ನೋಟ್‌ಬುಕ್ ನೋಡಿಕೊಂಡು ತೀರ್ಮಾನ ಮಾಡೋಣ ಅಂತ ಸದ್ಯಕ್ಕೆ ಬಿಟ್ಟಿದ್ದೇವೆ.